ನೀಟ್‌ನಲ್ಲಿ ಡೌಟ್ ಇರುವ ಪ್ರಶ್ನೆ: ಬರೆಯಬೇಕೋ ಬಿಡಬೇಕೋ

"ಮಗ ಮಾಕ್ ಟೆಸ್ಟಲ್ಲಿ 180ಕ್ಕೆ 130 ಅಷ್ಟೇ ಬರೀತಾನೆ, ನೆಗೆಟಿವ್ ಭಯ. ಡೌಟ್ ಇರೋದೆಲ್ಲ ಬಿಡೋದು ಸರಿನಾ?"

ಮೇಡಂ, ದಯವಿಟ್ಟು ಹಾಗೆ ಬಿಡಿಸಬೇಡಿ. ನನ್ನ ಮಗಳೂ ಮೊದಲ ಸಲ ಇದನ್ನೇ ಮಾಡಿದಳು. ಎರಡು ಆಯ್ಕೆ ಹೊಡೆದು ಹಾಕಿ, ಉಳಿದ ಎರಡರಲ್ಲಿ ಯಾವುದು ಗೊತ್ತಾಗದೆ ಖಾಲಿ ಬಿಟ್ಟು ಬಂದಳು. ಸರಿಗೆ 4 ಬರುತ್ತದೆ, ತಪ್ಪಿಗೆ 1 ಹೋಗುತ್ತದೆ, ಅಂಥವು ಹತ್ತರಲ್ಲಿ ಐದು ಸರಿಯಾದರೂ 20 ಬಂದು 5 ಹೋಗುತ್ತದೆ. ಬಿಟ್ಟರೆ ಸೊನ್ನೆ.

ಮೇಲೆ ಒಬ್ಬ ಸರ್ "ಕಣ್ಣು ಮುಚ್ಚಿ ತುಂಬಿದರೂ ನಾಲ್ಕರಲ್ಲಿ ಒಂದು ಸಿಗುತ್ತೆ, ಎಲ್ಲಾ ತುಂಬಲಿ" ಅಂದಿದ್ದಾರೆ. ಲೆಕ್ಕ ಸರಿ. ಐದಕ್ಕೆ ಒಂದು ಸರಿಯಾದರೆ ನಷ್ಟವಿಲ್ಲ. ಆದರೆ ಮಕ್ಕಳು ಕಣ್ಣು ಮುಚ್ಚಿ ತುಂಬುವುದಿಲ್ಲ ಸರ್, ಅರ್ಧ ನೆನಪಿನಲ್ಲಿ ತುಂಬುತ್ತಾರೆ. ಫಿಸಿಕ್ಸ್‌ನಲ್ಲಿ ತ್ರಿಜ್ಯದ ಜಾಗದಲ್ಲಿ ವ್ಯಾಸ ಹಾಕಿದರೆ ಬರುವ ತಪ್ಪು ಉತ್ತರವೂ ಆಯ್ಕೆಗಳಲ್ಲಿ ಎಷ್ಟೋ ಸಲ ಇರುತ್ತದೆ. ಅಂಥ ಕಡೆ ಐದಕ್ಕೆ ಒಂದೂ ಬರುವುದಿಲ್ಲ.

ಅದಕ್ಕೇ ಮಗಳಿಗೆ ಮಾಕ್‌ನಲ್ಲಿ ಒಂದನ್ನೂ ಬಿಡಬೇಡ ಅಂದೆ. ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಗುರುತು ಹಾಕಿಸಿದೆ. ಖಚಿತವಿದ್ದರೆ ಟಿಕ್, ಎರಡು ಆಯ್ಕೆ ಉಳಿದಿದ್ದರೆ 2, ಸುಮ್ನೆ ಅನಿಸಿದ್ದಕ್ಕೆ ಪ್ರಶ್ನಾರ್ಥಕ. ಆಮೇಲೆ ಒಂದೊಂದು ಗುರುತಿನ ಅಂಕ ಬೇರೆ ಬೇರೆ ಕೂಡಿಸಿದೆವು. ಒಂದು ಟೆಸ್ಟಲ್ಲಿ 2 ಗುರುತಿನವು 20 ಇದ್ದವು, 11 ಸರಿ: 44 ಬಂತು, 9 ಹೋಯಿತು, ಉಳಿದದ್ದು 35. ಪ್ರಶ್ನಾರ್ಥಕದವು 16, ಸರಿ ಎರಡೇ. 8 ಬಂದು 14 ಹೋಯಿತು. ವಿಷಯವಾರು ನೋಡಿದರೆ ಈ ನಷ್ಟ ಬಹುತೇಕ ಫಿಸಿಕ್ಸ್‌ನದು. ಅವಳಿಗೆ ಮಾಡಿದ ನಿಯಮ ಇಷ್ಟೇ: 2 ಇದ್ದರೆ ತುಂಬು, ಫಿಸಿಕ್ಸ್‌ನ ಪ್ರಶ್ನಾರ್ಥಕ ಬಿಡು. ಬಯಾಲಜಿಯ ಪ್ರಶ್ನಾರ್ಥಕದ ಬಗ್ಗೆ ನಮಗೆ ಕೊನೆವರೆಗೂ ತೀರ್ಮಾನ ಆಗಲಿಲ್ಲ, ಒಂದೊಂದು ಟೆಸ್ಟಲ್ಲಿ ಒಂದೊಂದು ತರಹ ಬರುತ್ತಿತ್ತು. ನಿಮ್ಮ ಮಗನದು ಬೇರೆಯೇ ಇರಬಹುದು. ಒಂದೇ ಟೆಸ್ಟ್ ನೋಡಿ ನಿಯಮ ಮಾಡಬೇಡಿ, ಐದಾರನ್ನಾದರೂ ಸೇರಿಸಿ ನೋಡಿ.

"ನಮ್ಮ ಹುಡುಗ ಎಲ್ಲಾ ತುಂಬಿದ, ಒಳ್ಳೆ ರ‍್ಯಾಂಕ್ ಬಂತು" ಅಂದವರೇ, ನೀವು ಹೇಳುತ್ತಿರುವುದು ಸಿಇಟಿ. ಅಲ್ಲಿ ನೆಗೆಟಿವ್ ಇಲ್ಲ, ಒಂದನ್ನೂ ಬಿಡಬಾರದು. ಎರಡೂ ಬರೆಯುವ ಮಕ್ಕಳಿಗೆ ಈ ವ್ಯತ್ಯಾಸ ಮೊದಲೇ ಹೇಳಿ.

ಮಾಕ್‌ಗೆ ಹಳೆಯ ನೀಟ್ ಪ್ರಶ್ನೆಪತ್ರಿಕೆಗಳೇ ಮೇಲು. ಕೋಚಿಂಗ್‌ನವರ ಟೆಸ್ಟ್ ಸೀರೀಸ್‌ಗಳಲ್ಲಿ ಆಯ್ಕೆಗಳು ಕೆಲವು ಸಲ ತೀರಾ ಸಡಿಲ, ಸುಲಭಕ್ಕೆ ಎರಡು ಹೊಡೆದು ಹಾಕಬಹುದು. ಅದನ್ನು ನಂಬಿ ಲೆಕ್ಕ ಹಾಕಿದರೆ ಅಸಲಿ ಪರೀಕ್ಷೆಯಲ್ಲಿ ಕೈಕೊಡುತ್ತದೆ. ಆ್ಯಪ್‌ನಲ್ಲೇ ಬರೆಸುತ್ತಿದ್ದರೆ ಈಗಲೇ ನಿಲ್ಲಿಸಿ, ಓಎಂಆರ್ ಹಾಳೆಯಲ್ಲೇ ಬರೆಸಿ. ಪ್ರಶ್ನೆ ಬಿಡುವವರಿಗೆ ಓಎಂಆರ್‌ನಲ್ಲಿ ಸಾಲು ತಪ್ಪುವ ಅಪಾಯ ಜಾಸ್ತಿ. 47 ಬಿಟ್ಟು 48ರ ಉತ್ತರವನ್ನು 47ರಲ್ಲಿ ತುಂಬಿದರೆ ಪೆನ್ನಿನ ಗುರುತು ಅಳಿಸಲಾಗದು, ಗಮನಿಸದಿದ್ದರೆ ಮುಂದಿನವೂ ಹೋದವು. ಬಿಟ್ಟ ಪ್ರಶ್ನೆಯ ಸಂಖ್ಯೆಗೆ ಪ್ರಶ್ನೆಪತ್ರಿಕೆಯಲ್ಲೇ ಸುತ್ತು ಹಾಕಲಿ, ಒಂದು ಪುಟ ಮುಗಿದ ಕೂಡಲೇ ಆ ಪುಟದ್ದನ್ನು ಸಂಖ್ಯೆ ನೋಡಿಕೊಂಡು ತುಂಬಲಿ. ಕೊನೆಗೆ ಒಟ್ಟಿಗೆ ತುಂಬುತ್ತೇನೆ ಅಂದರೆ ಒಪ್ಪಬೇಡಿ.