ಮೀಟರ್ ಟ್ಯಾಂಪರ್ ಅಂತ ದಂಡ ಹಾಕಿದರೆ ಏನು ಮಾಡಬೇಕು?

ಪ್ರಶ್ನೆ: ನಮ್ಮ ಮನೆ ಮೀಟರ್ ಟ್ಯಾಂಪರ್ ಆಗಿದೆ ಅಂತ ಕರೆಂಟ್ ಆಫೀಸಿನವರು ಹಿಂದಿನ ಒಂದು ವರ್ಷಕ್ಕೆ ಲೆಕ್ಕ ಹಾಕಿ ದಂಡ ಕಟ್ಟಿ ಅಂತಿದ್ದಾರೆ. ನಾವು ಮೀಟರ್ ಮುಟ್ಟೇ ಇಲ್ಲ. ಕಟ್ಟಲೇಬೇಕಾ? ಗ್ರಾಹಕರ ಕೋರ್ಟಿಗೆ ಹೋಗಬಹುದಾ?

ಗ್ರಾಹಕರ ಕೋರ್ಟಿಗೆ ಹೋಗಬೇಡಿ. ಇಂಥ ದಂಡದ ಲೆಕ್ಕವನ್ನು ಅಲ್ಲಿ ಪ್ರಶ್ನಿಸೋಕೆ ಬರಲ್ಲ ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಅಲ್ಲಿ ಅಲೆದಾಡ್ತಾ ಕೂತರೆ ಅಪೀಲಿನ ಗಡುವು ಮುಗಿದು ಹೋಗುತ್ತೆ.

ಮೊದಲು ನೋಟಿಸಿನಲ್ಲಿ ಯಾವ ಸೆಕ್ಷನ್ ಹಾಕಿದ್ದಾರೆ ನೋಡಿ. ವಿದ್ಯುತ್ ಕಾಯ್ದೆ 2003ರ ಸೆಕ್ಷನ್ 126 ಅಂದರೆ ಅನಧಿಕೃತ ಬಳಕೆ, ಬರೀ ದುಡ್ಡಿನ ವಿಷಯ. 135 ಅಂದರೆ ಕಳ್ಳತನದ ಕೇಸು, ಪೊಲೀಸ್ ದೂರು, ವಿಶೇಷ ನ್ಯಾಯಾಲಯ. 135 ಇದ್ದರೆ ಸುಮ್ನೆ ಇಲ್ಲಿ ಓದ್ತಾ ಕೂರಬೇಡಿ, ಇವತ್ತೇ ವಕೀಲರನ್ನು ನೋಡಿ. ರಾಜಿ ಮಾಡಿಕೊಳ್ಳಿ, ಕಿಲೋವ್ಯಾಟಿಗೆ ಇಷ್ಟು ಅಂತ ಕಟ್ಟಿದರೆ ಮುಗೀತು ಅಂತ ಯಾರಾದರೂ ಹೇಳಿದರೂ ತಕ್ಷಣ ಹೂಂ ಅನ್ನಬೇಡಿ. ರಾಜಿಯ ಅವಕಾಶ ಜೀವನದಲ್ಲಿ ಒಂದೇ ಸಲ, ಮತ್ತೆ ಕ್ರಿಮಿನಲ್ ಕೇಸು ಮುಗಿದರೂ ಹಿಂದಿನ ಬಳಕೆಗೆ ಅಂತ ಹಾಕಿದ ಬ್ಯಾಕ್ ಬಿಲ್ಲಿಂಗ್ ಮೊತ್ತ ಬೇರೆಯಾಗಿ ಉಳಿಯುತ್ತೆ.

126 ಆದರೆ ನಿಮ್ಮ ಕೈಗೆ ಬಂದಿರೋದು ತಾತ್ಕಾಲಿಕ ಆದೇಶ. ಅದಕ್ಕೆ ಬರಹದಲ್ಲಿ ಆಕ್ಷೇಪಣೆ ಕೊಡಬಹುದು, ನಿಮ್ಮ ಮಾತು ಕೇಳಿದ ಮೇಲೇ ಅಂತಿಮ ಆದೇಶ ಬರಬೇಕು. ಅದೂ ನೋಟಿಸ್ ಮುಟ್ಟಿದ 30 ದಿನದೊಳಗೆ. ಹಾಗಾಗಿ ಮೊದಲ ವಾರದಲ್ಲೇ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಆಫೀಸಿನ ಸೀಲು ಹಾಕಿಸಿಕೊಳ್ಳಿ. ಎಲ್ಲೂ "ಒಪ್ಪಿದ್ದೇನೆ" ಅಂತ ಸಹಿ ಮಾಡಬೇಡಿ, ಒಪ್ಪಿಗೆಯ ಮೇಲೆ ಹೊರಟ ಆದೇಶಕ್ಕೆ ಅಪೀಲೇ ಇಲ್ಲ.

ಇನ್ನು ಆಕ್ಷೇಪಣೆಯಲ್ಲಿ ಏನು ಬರೆಯೋದು? "ನಾವು ಮುಟ್ಟಿಲ್ಲ ಸಾರ್" ಅಂತ ಬರೆದರೆ ಯಾರೂ ಕೇಳಲ್ಲ. ಲೆಕ್ಕದ ಮೇಲೆ ಹೋಗಿ. ನಮ್ಮ ಭಾವನ ಮನೆಯಲ್ಲಿ ಹೀಗೇ ಆಗಿತ್ತು, ಅದನ್ನೇ ಹೇಳ್ತೀನಿ. ಮೀಟರ್ ಸೀಲು ಇರಲಿಲ್ಲ ಅಂತ ಮಹಜರಿನಲ್ಲಿ ಬರೆದಿದ್ದರು. ಮನೆಯ ಲೋಡು 4 ಕಿಲೋವ್ಯಾಟ್, ದಿನಕ್ಕೆ 8 ಗಂಟೆ, 30 ದಿನ, ಆ ಲೋಡಿನಲ್ಲಿ ನಿಜವಾಗಿ ಬಳಕೆಯಾಗೋ ಪಾಲು 0.4 ಅಂತ ಹಿಡಿದು ತಿಂಗಳಿಗೆ 384 ಯೂನಿಟ್ ಮಾಡಿದ್ದರು. ಅದರಲ್ಲಿ ಬಿಲ್ ಆಗಿದ್ದ 110 ಕಳೆದು, ಉಳಿದ 274ನ್ನು 12 ತಿಂಗಳಿಗೆ ಗುಣಿಸಿದರೆ 3,288 ಯೂನಿಟ್. 126ರಲ್ಲಿ ದರ ಎರಡು ಪಟ್ಟು. ಯೂನಿಟಿಗೆ 6 ರೂಪಾಯಿ ಅಂದರೂ 12 ಆಯ್ತು, ಒಟ್ಟು 39,456.

ಇಲ್ಲಿ ಹಿಡಿಯಬೇಕಾದ್ದು ಆ 12 ತಿಂಗಳನ್ನು. ಯಾವಾಗಿಂದ ಅಂತ ಗೊತ್ತಾಗದಿದ್ದರೆ ಮಾತ್ರ ತಪಾಸಣೆಗೆ ಹಿಂದಿನ 12 ತಿಂಗಳು. ಗೊತ್ತಾದರೆ ಅಷ್ಟೇ ಅವಧಿಗೆ. ಈಗಿನ ಎಲೆಕ್ಟ್ರಾನಿಕ್ ಮೀಟರ್ ಎಷ್ಟೋ ಮಾದರಿಗಳಲ್ಲಿ ಕವರ್ ತೆಗೆದಿದ್ದು, ಅಯಸ್ಕಾಂತ ಇಟ್ಟಿದ್ದು, ನ್ಯೂಟ್ರಲ್ ತಪ್ಪಿದ್ದು ಎಲ್ಲ ದಿನಾಂಕ, ಗಂಟೆ ಸಮೇತ ಒಳಗೇ ದಾಖಲಾಗಿರುತ್ತೆ. ಆ ಡೌನ್‌ಲೋಡ್ ಪ್ರತಿ ಬರಹದಲ್ಲಿ ಕೇಳಿ. ಭಾವನ ಮೀಟರ್‌ನಲ್ಲಿ ಕವರ್ ತೆರೆದ ದಾಖಲೆ ಇದ್ದಿದ್ದು ತಪಾಸಣೆಗೆ ಮೂರು ತಿಂಗಳ ಹಿಂದೆ. ಅಲ್ಲಿಗೆ ಮೊತ್ತ 9,864ಕ್ಕೆ ಇಳಿಯಿತು. ಲೋಡಿನ ಪಟ್ಟಿಯಲ್ಲಿ ಕೆಟ್ಟು ಅಟ್ಟ ಸೇರಿದ್ದ ಒಂದು ಕಿಲೋವ್ಯಾಟಿನ ನೀರು ಕಾಯಿಸೋ ರಾಡನ್ನೂ ಸೇರಿಸಿದ್ದರು! ಅದನ್ನು ತೆಗೆಸಿದ ಮೇಲೆ 6,408. ಕವರ್ ಯಾರು ತೆರೆದರು ಅಂತ ಅವರಿಗೂ ತೋರಿಸೋಕೆ ಆಗಲಿಲ್ಲ, ಇವರಿಗೂ ಆಗಲಿಲ್ಲ, ಅಷ್ಟನ್ನು ಕಟ್ಟಿದರು.

ಹಳೇ ಬಿಲ್ಲುಗಳನ್ನೂ ಜೋಡಿಸಿ. ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬಂದರೂ ಯೂನಿಟ್ ಬರೆದೇ ಇರುತ್ತೆ ಅಲ್ವಾ, ಎಸೆಯಬೇಡಿ. ಅವರು ಹೇಳೋ ದಿನದ ಮುಂಚೆ, ಆಮೇಲೆ, ಮತ್ತು ಹೊಸ ಮೀಟರ್ ಹಾಕಿದ ಮೇಲೆ ಬಳಕೆ ಹೆಚ್ಚುಕಡಿಮೆ ಒಂದೇ ಇದ್ದರೆ ಅದಕ್ಕಿಂತ ಗಟ್ಟಿ ವಾದ ಬೇರೆ ಇಲ್ಲ. ಹೊಸ ಮೀಟರ್‌ನಲ್ಲಿ ಏಕಾಏಕಿ ದುಪ್ಪಟ್ಟು ಬಂದರೆ ಮಾತ್ರ ಕಷ್ಟ. ತೆಗೆದ ಮೀಟರನ್ನು ನಿಮ್ಮೆದುರು ಸೀಲ್ ಮಾಡಿದ್ದರಾ, ಲ್ಯಾಬ್ ಪರೀಕ್ಷೆಗೆ ನಿಮ್ಮನ್ನು ಕರೆದರಾ ಅನ್ನೋದನ್ನೂ ಬರೆಯಿರಿ.

ಇಷ್ಟಾಗಿಯೂ ಅಂತಿಮ ಆದೇಶ ಸರಿ ಬರದಿದ್ದರೆ ಸೆಕ್ಷನ್ 127ರ ಪ್ರಕಾರ 30 ದಿನದೊಳಗೆ ಮೇಲ್ಮನವಿ ಪ್ರಾಧಿಕಾರಕ್ಕೆ ಅಪೀಲು ಹಾಕಬಹುದು. ಆದರೆ ಅರ್ಧ ಮೊತ್ತ ಮೊದಲೇ ಠೇವಣಿ ಇಡಬೇಕು. ಕಟ್ಟದೆ ಬಿಟ್ಟರೆ ವರ್ಷಕ್ಕೆ ಶೇ. 16ರಂತೆ ಬಡ್ಡಿ, ಆರಾರು ತಿಂಗಳಿಗೆ ಚಕ್ರಬಡ್ಡಿ. ಉಳಿಯಬಹುದಾದ ದುಡ್ಡಿಗೂ ಈ ಓಡಾಟಕ್ಕೂ ಲೆಕ್ಕ ಹಾಕಿ ನೋಡಿ. 6,408ಕ್ಕೆ ಇಳಿದಾಗ ಭಾವ ಅಪೀಲಿಗೆ ಹೋಗದೇ ಇದ್ದಿದ್ದು ಇದಕ್ಕೇ.