ಎಣ್ಣೆ ಡಬ್ಬಿಯ ಕೆಂಪು ಲೈಟ್ ಮಿಣುಕಿದರೆ

ಪ್ರಶ್ನೆ: ಕಾರಿನ ಮೀಟರ್ ಬೋರ್ಡಿನಲ್ಲಿ ಎಣ್ಣೆ ಡಬ್ಬಿ, ಬ್ಯಾಟರಿ, ಎಂಜಿನ್, ಬ್ರೇಕ್ ಗುರುತಿನ ಲೈಟ್ ಬಂದರೆ ಏನರ್ಥ? ಯಾವುದಕ್ಕೆ ತಕ್ಷಣ ನಿಲ್ಲಿಸಬೇಕು?

ಎಣ್ಣೆ ಡಬ್ಬಿಗೆ. ಅದು ಕೆಂಪಗೆ ಹತ್ತಿದರೆ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ, ಮುಂದಿನ ಬಂಕ್‌ವರೆಗೂ ಬೇಡ. ಆಯಿಲ್ ಎಷ್ಟಿದೆ ಅನ್ನುವುದನ್ನಲ್ಲ, ಆಯಿಲ್ ಒತ್ತಡ ಬಿದ್ದಿದೆ ಅನ್ನುವುದನ್ನು ಆ ಲೈಟ್ ಹೇಳುತ್ತದೆ. ಕ್ರ್ಯಾಂಕ್‌ಶಾಫ್ಟ್ ತಿರುಗುವುದು ಬೇರಿಂಗಿನ ಮೇಲಿನ ತೆಳುವಾದ ಆಯಿಲ್ ಪದರದ ಮೇಲೆ. ಒತ್ತಡ ಹೋದರೆ ಲೋಹಕ್ಕೆ ಲೋಹ ಉಜ್ಜುತ್ತದೆ, ಕೆಲವೇ ನಿಮಿಷದಲ್ಲಿ ಎಂಜಿನ್ ಸೀಜ್ ಆಗಬಹುದು.

ನನಗಾದದ್ದು ಹೇಳುತ್ತೇನೆ. ಅಪ್ಪನ ಜೊತೆ ಪಾಂಡವಪುರದ ಕಡೆಯಿಂದ ಮೈಸೂರಿಗೆ ಬರುತ್ತಿದ್ದೆ. ಹಳ್ಳಿ ರಸ್ತೆಯಲ್ಲಿ ಕಾರಿನ ಅಡಿಗೆ ಕಲ್ಲು ತಗುಲಿ ಟಣ್ ಅಂದಿತ್ತು. ಶ್ರೀರಂಗಪಟ್ಟಣದ ಹತ್ತಿರ ತಿರುವಿನಲ್ಲಿ ಆಯಿಲ್ ಲೈಟ್ ಮಿಣುಕಿತು, ಕಾರು ನೇರವಾದ ಮೇಲೆ ಆರಿತು. ಆರಿತಲ್ಲ ಅಂತ ಸುಮ್ಮನಾಗುವ ಜಾಗವೇ ಇದು. ಎಂಜಿನ್ ಕೆಳಗಿನ ಸಂಪ್‌ನಲ್ಲಿ, ಮನೆಯ ನೀರಿನ ಸಂಪಿನ ಹಾಗೆಯೇ, ಆಯಿಲ್ ಕಡಿಮೆಯಾದರೆ ತಿರುವಿನಲ್ಲಿ ಅದೆಲ್ಲ ಒಂದು ಬದಿಗೆ ಸರಿದು ಪಂಪ್ ಗಾಳಿ ಎಳೆಯುತ್ತದೆ. ಹಾಗಾಗಿ ಮೊದಲ ಸುಳಿವು ತಿರುವಿನಲ್ಲೋ ಬ್ರೇಕ್ ಒತ್ತಿದಾಗಲೋ ಸಿಗುತ್ತದೆ.

ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ತೆಗೆದು, ಒರೆಸಿ, ಮತ್ತೆ ಇಳಿಸಿ ನೋಡಿದೆ. ಕೆಳಗಿನ ಗುರುತಿಗೂ ಆಯಿಲ್ ಮುಟ್ಟಿರಲಿಲ್ಲ, ಕಾರಿನಡಿ ಕಪ್ಪಗೆ ತೊಟ್ಟಿಕ್ಕುತ್ತಿತ್ತು. "ಒಂದು ಡಬ್ಬಿ ಆಯಿಲ್ ಹುಯ್ಕೊಂಡು ಮೈಸೂರು ಸೇರ್ಕೊಳ್ಳೋಣ ಕಣಪ್ಪ" ಅಂದರು ಅಪ್ಪ. ಸಂಪ್ ಬಿರುಕು ಬಿಟ್ಟಿದ್ದರೆ ಹುಯ್ದದ್ದೂ ಸೋರುತ್ತದೆ ಅಂತ ಟೋ ಮಾಡಿಸಿದೆ. ಬಿರುಕೇ ಆಗಿತ್ತು. ಸಂಪ್ ಬದಲಿಸಿ ಹೊಸ ಆಯಿಲ್ ಹಾಕಿದರು, ಎಂಜಿನ್ ಉಳಿಯಿತು. ಸೋರಿಕೆಯಿಲ್ಲದೆ ಬರೀ ಕಡಿಮೆಯಾಗಿದ್ದರೆ ಮಾತ್ರ ಆಯಿಲ್ ಸೇರಿಸಿ ನೋಡಬಹುದು. ಆಯಿಲ್ ಸರಿಯಾಗಿದ್ದೂ ಲೈಟ್ ಹತ್ತಿದರೆ ಒತ್ತಡದ ಸ್ವಿಚ್ ಕೆಟ್ಟಿರಬಹುದು, ಪಂಪೇ ಹೋಗಿರಬಹುದು. ಮೆಕ್ಯಾನಿಕ್ ಗೇಜ್ ಹಾಕಿ ಒತ್ತಡ ಅಳೆಯುವ ತನಕ ನೀವು ಸ್ಟಾರ್ಟ್ ಮಾಡಬೇಡಿ.

ಬ್ಯಾಟರಿ ಲೈಟ್ ಅಂದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ ಅಂತ. ಏಸಿ ಆಫ್ ಮಾಡಿ ಹತ್ತಿರದ ಗ್ಯಾರೇಜಿಗೆ ಹೋಗಬಹುದು, ಮಧ್ಯೆ ಎಂಜಿನ್ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗದಿರಬಹುದು. ಆದರೆ ಬೆಲ್ಟ್ ತುಂಡಾಗಿದ್ದರೆ, ಕೆಲವು ಕಾರುಗಳಲ್ಲಿ ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುವುದರಿಂದ, ಬಿಸಿಯ ಮುಳ್ಳು ಏರಿದ ಕೂಡಲೇ ನಿಲ್ಲಿಸಿ.

ಹಳದಿ ಎಂಜಿನ್ ಲೈಟ್ ಸುಮ್ಮನೆ ಉರಿಯುತ್ತಿದ್ದು ಕಾರು ಮಾಮೂಲಿನಂತೆ ಓಡುತ್ತಿದ್ದರೆ ಒಂದೆರಡು ದಿನದಲ್ಲಿ ಸ್ಕ್ಯಾನರ್ ಹಾಕಿಸಿ. ಪೆಟ್ರೋಲ್ ಕಾರಿನಲ್ಲಿ ಅದು ಮಿಣುಕುತ್ತಾ ಎಂಜಿನ್ ನಡುಗಿದರೆ ಮಿಸ್ ಹೊಡೆಯುತ್ತಿದೆ ಅಂತ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹಾಕುತ್ತದೆ, ನಿಧಾನಿಸಿ ಬೇಗ ನಿಲ್ಲಿಸಿ.

ಬ್ರೇಕಿನ ಕೆಂಪು ಲೈಟಿಗೆ ಮೊದಲು ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿದೆಯಾ ನೋಡಿ. ಇಳಿದಿದ್ದೂ ಲೈಟ್ ಆರದಿದ್ದರೆ ಬ್ರೇಕ್ ಆಯಿಲ್ ಡಬ್ಬಿ ನೋಡಿ: ಪ್ಯಾಡ್ ಸವೆದಂತೆ ಅದು ನಿಧಾನವಾಗಿ ಇಳಿಯುತ್ತದೆ, ಸೋರಿದರೆ ಬೇಗ. ಪೆಡಲ್ ಮೆತ್ತಗಾಗಿ ಕೆಳಗಿಳಿದರೆ ಕಾರನ್ನು ಅಲ್ಲಿಂದ ಓಡಿಸಬೇಡಿ, ಟೋ ಮಾಡಿಸಿ.