ಇಬ್ರೂ 92% ಒಪ್ತಾರೆ, ಆದ್ರೂ ಕಪ್ಪಾ ಕಮ್ಮಿ ಯಾಕೆ?

"50 ಪೀಸಲ್ಲಿ 46ಕ್ಕೆ ಇಬ್ರು ಇನ್‌ಸ್ಪೆಕ್ಟರ್‌ಗಳೂ ಒಂದೇ ರಿಸಲ್ಟ್ ಕೊಟ್ಟಿದಾರೆ, ಇಬ್ರ ಒಪ್ಪಿಗೆ ಅಳೆಯೋ ಕಪ್ಪಾ ಸ್ಕೋರ್ ಮಾತ್ರ 0.29 ಬರ್ತಿದೆ, ಲೆಕ್ಕ ತಪ್ಪಾ?"

ಲೆಕ್ಕ ಸರಿ ಇದೆ ಸರ್, ಸ್ಯಾಂಪಲ್ಲೇ ತೊಂದ್ರೆ. ನಿಮ್ಮ ಟೇಬಲ್ ಹೆಚ್ಚುಕಮ್ಮಿ ಹೀಗಿರತ್ತೆ: ಇಬ್ರೂ ಓಕೆ ಅಂದಿದ್ದು 45, ಇಬ್ರೂ ರಿಜೆಕ್ಟ್ ಅಂದಿದ್ದು 1, ಒಬ್ರು ಓಕೆ ಇನ್ನೊಬ್ರು ರಿಜೆಕ್ಟ್ ಅಂದಿದ್ದು ಎರಡೂ ಕಡೆ 2-2. ಅಂದ್ರೆ ಇಬ್ರೂ 94% ಪೀಸ್‌ಗೆ ಓಕೆ ಅಂತಿದಾರೆ, ಹಾಗಿದ್ಮೇಲೆ ಕಣ್ಮುಚ್ಕೊಂಡು ಹೇಳಿದ್ರೂ ಸುಮಾರು 89% ತಾನಾಗೇ ಹೊಂದತ್ತೆ, ಕಪ್ಪಾ ಅದನ್ನ ಕಳೆದು ಉಳಿದಿದ್ದಕ್ಕೆ ಮಾತ್ರ ಮಾರ್ಕ್ಸ್ ಕೊಡೋದು.

```
(0.92 - 0.8872) / (1 - 0.8872) = 0.29
```

ಲೈನಿಂದ ಸಿಕ್ಕಿದ್ದನ್ನ ಎತ್ಕೊಂಡು ಬರ್ಬೇಡಿ, ಅರ್ಧದಷ್ಟು ಡಿಫೆಕ್ಟ್ ಪೀಸ್ ಆರಿಸಿ ಸೇರ್ಸಿ, ಅದ್ರಲ್ಲಿ ಗೆರೆ ಮೇಲೆ ಕೂತಿರೋ ಡೌಟ್ ಪೀಸ್‌ಗಳೂ ಇರ್ಲಿ. ಇದೇ 4 ಜಗಳ, ಇಬ್ರೂ ಓಕೆ 23, ಇಬ್ರೂ ರಿಜೆಕ್ಟ್ 23 ಇರೋ ಟೇಬಲ್ಲಲ್ಲಿ ಬಂದಿದ್ರೆ ಕಪ್ಪಾ 0.84 ಆಗ್ತಿತ್ತು. ಸಾಮಾನ್ಯವಾಗಿ 0.75 ದಾಟಿದ್ರೆ ಚೆನ್ನಾಗಿದೆ, 0.40ಗಿಂತ ಕೆಳಗೆ ಕಳಪೆ ಅಂತ ಹಿಡಿತಾರೆ.

ಇನ್ನೊಂದು, ಪ್ರತಿ ಪೀಸ್‌ಗೂ ಮೊದಲೇ ಸರಿ ಉತ್ತರ ಫಿಕ್ಸ್ ಮಾಡಿಟ್ಕೊಂಡು ಒಬ್ಬೊಬ್ರನ್ನೂ ಅದ್ರ ಜೊತೆ ಹೋಲ್ಸಿ, ಯಾಕಂದ್ರೆ ಇಬ್ರೂ ಒಂದೇ ಸ್ಕ್ರ್ಯಾಚ್ ಮಿಸ್ ಮಾಡಿದ್ರೂ ಅವ್ರಿಬ್ರ ನಡುವಿನ ಕಪ್ಪಾ ಸೂಪರ್ ಬರತ್ತೆ 😅 ಜಗಳದ ಆ 4 ಪೀಸನ್ನ ಪಕ್ಕಪಕ್ಕ ಇಟ್ಟು ನೋಡಿ, ಎಲ್ಲಾದ್ರಲ್ಲೂ ಒಂದೇ ಥರದ ಡಿಫೆಕ್ಟ್ ಇದ್ರೆ ಎಲ್ಲಿವರೆಗೆ ಓಕೆ ಅಂತ ತೋರ್ಸೋ ಲಿಮಿಟ್ ಸ್ಯಾಂಪಲ್ ಇಲ್ಲ ಅಥವಾ ಸ್ಪಷ್ಟವಾಗಿಲ್ಲ ಅನ್ನೋ ಸಾಧ್ಯತೆ ಜಾಸ್ತಿ.